ಎರಡು ಗೆರೆಗಳು ಒಂದನ್ನೊಂದು ದಾಟಿದಾಗ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಹೋದ ತಿಂಗಳು ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಅದರಲ್ಲಿ ಒಂದು ಷೇರಿನ ಚಾರ್ಟ್. ಅದರ ಮೇಲೆ ಒಂದು ನೀಲಿ ಗೆರೆ, ಒಂದು ಕೆಂಪು ಗೆರೆ. ಹಿಂದಿನ ದಿನ ನೀಲಿ ಗೆರೆ ಕೆಂಪು ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ದಾಟಿತ್ತು. "ಇದಕ್ಕೆ ಗೋಲ್ಡನ್ ಕ್ರಾಸ್ ಅಂತಾರಂತೆ. ಇನ್ನು ಏರೋದೇ ಅಂತೆ. ತಗೊಳ್ಳಲೇನಪ್ಪಾ?" ಅಂತ ಕೇಳಿದರು.

"ಸಾರ್, ತಗೊಳ್ಳೋದು ಬಿಡೋದು ಆಮೇಲೆ. ಈ ಗೆರೆ ಹೇಗೆ ಹುಟ್ಟುತ್ತೆ ಅಂತ ಮೊದಲು ನೋಡೋಣ" ಅಂದೆ. ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತೆವು. ಅವತ್ತು ಬರೆದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ. ಹತ್ತಿರ ಪೆನ್ನು ಇದ್ದರೆ ನೀವೂ ಬರೆದುಕೊಳ್ಳಿ.

ಒಂದು ಷೇರಿನ ಐದು ದಿನದ ಮುಕ್ತಾಯದ ಬೆಲೆ 100, 102, 101, 105, 107 ರೂಪಾಯಿ ಅಂತ ಇಟ್ಟುಕೊಳ್ಳಿ. ಕೂಡಿದರೆ 515. ಐದರಿಂದ ಭಾಗಿಸಿದರೆ 103. ಇದು ಐದು ದಿನದ ಸರಾಸರಿ. ಆರನೇ ದಿನ ಹೊಸ ಬೆಲೆ ಒಳಗೆ ಬರುತ್ತದೆ, ಎಲ್ಲಕ್ಕಿಂತ ಹಳೆಯದು ಹೊರಗೆ ಹೋಗುತ್ತದೆ. ಹೀಗೆ ದಿನದಿನವೂ ಮುಂದಕ್ಕೆ ಸರಿಯುವುದರಿಂದ ಇದಕ್ಕೆ ಚಲಿಸುವ ಸರಾಸರಿ, ಮೂವಿಂಗ್ ಆವರೇಜ್, ಅಂತ ಹೆಸರು.

ಆರನೇ ದಿನ ಷೇರು 107ರಿಂದ 104ಕ್ಕೆ ಇಳಿಯಿತು ಅನ್ನಿ. 100 ಹೊರಗೆ ಹೋಯಿತು, 104 ಒಳಗೆ ಬಂತು. ಮೊತ್ತ 519 ಆಯಿತು, ಸರಾಸರಿ 103 ರೂಪಾಯಿ 80 ಪೈಸೆ. ನೋಡಿದಿರಾ? ಬೆಲೆ ಮೂರು ರೂಪಾಯಿ ಬಿತ್ತು, ಸರಾಸರಿ ಮಾತ್ರ 80 ಪೈಸೆ ಏರಿತು. ಸರಾಸರಿ ಏರುವುದಕ್ಕೆ ಇವತ್ತಿನ ಬೆಲೆ ಎಷ್ಟು ಕಾರಣವೋ, ಇವತ್ತು ಕಳಚಿಹೋದ ಹಳೆಯ ಬೆಲೆಯೂ ಅಷ್ಟೇ ಕಾರಣ. ಚಾರ್ಟ್ ನೋಡುವವರ ಕಣ್ಣಿಗೆ ಬಂದ ಬೆಲೆ ಕಾಣುತ್ತದೆ, ಹೋದ ಬೆಲೆ ಕಾಣುವುದಿಲ್ಲ.

ಇನ್ನೊಂದು ಸಂಗತಿ ಇದೆ. ಸರಾಸರಿ ಯಾವಾಗಲೂ ಹಿಂದೆ ಉಳಿದಿರುತ್ತದೆ. ಎಷ್ಟು ಹಿಂದೆ ಅಂತ ಲೆಕ್ಕ ಹಾಕಬಹುದು. ಒಂದು ಷೇರು ದಿನಕ್ಕೊಂದು ರೂಪಾಯಿಯಂತೆ ಒಂದೇ ಸಮನೆ ಏರುತ್ತಾ ಇವತ್ತು 300 ಮುಟ್ಟಿದೆ ಅಂದುಕೊಳ್ಳಿ. ಅದರ 50 ದಿನದ ಸರಾಸರಿ 275 ರೂಪಾಯಿ 50 ಪೈಸೆ. 200 ದಿನದ ಸರಾಸರಿ 200 ರೂಪಾಯಿ 50 ಪೈಸೆ. ಅಂದರೆ 50 ದಿನದ ಗೆರೆ ನಮಗೆ ತೋರಿಸುವುದು ಸುಮಾರು 25 ದಿನ ಹಿಂದಿನ ಬೆಲೆಯನ್ನು, 200 ದಿನದ ಗೆರೆ ತೋರಿಸುವುದು ಸುಮಾರು 100 ದಿನ ಹಿಂದಿನದನ್ನು. ಇಲ್ಲಿ ದಿನ ಅಂದರೆ ಮಾರುಕಟ್ಟೆ ತೆರೆದಿರುವ ದಿನ. ವರ್ಷಕ್ಕೆ ಹೆಚ್ಚುಕಮ್ಮಿ 250 ಸಿಗುತ್ತವೆ. ಹೊಸ ಬೆಲೆಗಳಿಗೆ ಜಾಸ್ತಿ ತೂಕ ಕೊಡುವ ಎಕ್ಸ್‌ಪೊನೆನ್ಶಿಯಲ್ ಸರಾಸರಿಯೂ ಒಂದಿದೆ. ಅದು ಸ್ವಲ್ಪ ಬೇಗ ತಿರುಗುತ್ತದೆ. ಆದರೆ ಬೇಗ ತಿರುಗುವುದು ಸುಳ್ಳು ತಿರುವಿಗೂ ಬೇಗ ತಿರುಗುತ್ತದೆ.

ಈಗ ಕ್ರಾಸ್‌ಓವರ್‌ಗೆ ಬರೋಣ. ಮೇಷ್ಟ್ರ ಚಾರ್ಟಿನ ನೀಲಿ ಗೆರೆ 50 ದಿನದ ಸರಾಸರಿ, ಕೆಂಪು ಗೆರೆ 200 ದಿನದ್ದು. 50 ದಿನದ ಗೆರೆ 200 ದಿನದ ಗೆರೆಯನ್ನು ಮೇಲಕ್ಕೆ ದಾಟಿದರೆ ಗೋಲ್ಡನ್ ಕ್ರಾಸ್, ಕೆಳಕ್ಕೆ ದಾಟಿದರೆ ಡೆತ್ ಕ್ರಾಸ್. ಹೆಸರು ಕೇಳಿದರೆ ಏನೋ ಭವಿಷ್ಯ ನುಡಿದ ಹಾಗಿದೆ. ನಾನು ಮೇಷ್ಟ್ರಿಗೆ ಒಂದೇ ಪ್ರಶ್ನೆ ಕೇಳಿದೆ. "ಸಾರ್, ಆ 200 ದಿನದ ಒಳಗೆ ಈ 50 ದಿನವೂ ಸೇರಿದೆ ಅಲ್ವಾ? ಎರಡರಲ್ಲೂ ಇರೋದನ್ನ ತೆಗೆದುಬಿಟ್ಟರೆ ಏನು ಉಳಿಯುತ್ತೆ?" ಅವರು ಅರ್ಧ ನಿಮಿಷ ಹಾಳೆ ನೋಡಿದರು. ಆಮೇಲೆ ಹೇಳಿದರು: "ಹಾಗಾದ್ರೆ ಇದು ಇಷ್ಟೇ. ಕಳೆದ 50 ದಿನದ ಸರಾಸರಿ, ಅದಕ್ಕೂ ಹಿಂದಿನ 150 ದಿನದ ಸರಾಸರಿಗಿಂತ ಜಾಸ್ತಿ ಆಯ್ತು."

ಅದೇ ಉತ್ತರ. ಗೋಲ್ಡನ್ ಕ್ರಾಸ್ ಹೇಳುವುದು ಈ ಒಂದು ವಾಕ್ಯವನ್ನು ಮಾತ್ರ. ಇದರಲ್ಲಿ ನಾಳೆಯ ವಿಷಯ ಒಂದು ಅಕ್ಷರವೂ ಇಲ್ಲ. ಹಾಗಂತ ಇದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಬೆಲೆ ಒಂದು ದಿಕ್ಕು ಹಿಡಿದು ತಿಂಗಳುಗಟ್ಟಲೆ ಹೋದರೆ, ತಡವಾಗಿಯಾದರೂ ಈ ಗೆರೆ ನಮ್ಮನ್ನು ಆ ದಿಕ್ಕಿಗೆ ಹಚ್ಚುತ್ತದೆ. ದಿಕ್ಕು ಬೇಗ ಬದಲಾದರೆ, ಗೆರೆ ಬರುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಎರಡಕ್ಕೂ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದಲ್ಲಿ ಒಂದೊಂದು ಉದಾಹರಣೆ ಸಿಗುತ್ತದೆ.

ಮೊದಲನೆಯದು 2007. ಅಕ್ಟೋಬರ್ 9ರಂದು ಸೂಚ್ಯಂಕ 1,565ರಲ್ಲಿ ಮುಗಿಯಿತು. ಅದೇ ಆಗಿನ ತುದಿ. ಡಿಸೆಂಬರ್ 21ರಂದು ಡೆತ್ ಕ್ರಾಸ್ ಬಂತು. ಅಂದಿನ ಮುಕ್ತಾಯ 1,484. ಆಮೇಲೆ ಬ್ಯಾಂಕುಗಳು ಮುಳುಗಿದವು, ಲೀಮನ್ ಬ್ರದರ್ಸ್ ದಿವಾಳಿಯಾಯಿತು, ಸೂಚ್ಯಂಕ 2009ರ ಮಾರ್ಚ್ 9ರಂದು 676ಕ್ಕೆ ಬಂದು ನಿಂತಿತು. ಗೋಲ್ಡನ್ ಕ್ರಾಸ್ ಬಂದದ್ದು 2009ರ ಜೂನ್ 23ಕ್ಕೆ, 895ರ ಹತ್ತಿರ. ಗೆರೆಯನ್ನು ನಂಬಿದವನು ತುದಿಯಲ್ಲಿ ಮಾರಲಿಲ್ಲ, ತಳದಲ್ಲಿ ಕೊಳ್ಳಲೂ ಇಲ್ಲ. ಆದರೂ 1,484ಕ್ಕೆ ಮಾರಿ 895ಕ್ಕೆ ವಾಪಸ್ ಬಂದ. ಸುಮಾರು 40 ಶೇಕಡಾ ಕುಸಿತವನ್ನು ಹೊರಗೆ ನಿಂತು ನೋಡಿದ.

ಎರಡನೆಯದು 2020. ಕೊರೊನಾ ಕಾಲ. ಫೆಬ್ರವರಿ 19ರಂದು ಸೂಚ್ಯಂಕ 3,386. ಮಾರ್ಚ್ 23ಕ್ಕೆ 2,237. ನಮ್ಮ ನಿಫ್ಟಿಯೂ ಅದೇ ದಿನ 7,610ಕ್ಕೆ ಇಳಿದಿತ್ತು. ಜನವರಿ ಮಧ್ಯದಲ್ಲಿ 12,362 ಇದ್ದದ್ದು ಅದು. ಆ ವಾರ ಹಣ ಇಟ್ಟಿದ್ದವರಿಗೆ ಆ ಸಂಕಟ ಚೆನ್ನಾಗಿ ನೆನಪಿರುತ್ತದೆ. ಸರಿ, ಎಸ್ ಅಂಡ್ ಪಿಯಲ್ಲಿ ಡೆತ್ ಕ್ರಾಸ್ ಯಾವಾಗ ಬಂತು? ಮಾರ್ಚ್ 30ಕ್ಕೆ. ತಳ ಮುಟ್ಟಿ ಒಂದು ವಾರ ಆಗಿತ್ತು, ಸೂಚ್ಯಂಕ ಆಗಲೇ 2,626ಕ್ಕೆ ಎದ್ದಿತ್ತು. ಬೆಲೆ ಏರುತ್ತಿರುವಾಗ ಮಾರು ಅನ್ನುವ ಸೂಚನೆ! ಗೋಲ್ಡನ್ ಕ್ರಾಸ್ ಬಂದದ್ದು ಜುಲೈ 9ಕ್ಕೆ, 3,152ರಲ್ಲಿ. ಗೆರೆಯನ್ನು ಅನುಸರಿಸಿದವನು 2,626ಕ್ಕೆ ಮಾರಿದ, 3,152ಕ್ಕೆ ಕೊಂಡ. ಅದೇ ಷೇರುಗಳನ್ನು 20 ಶೇಕಡಾ ಜಾಸ್ತಿ ಕೊಟ್ಟು ವಾಪಸ್ ತಂದ.

ನಿಯಮ ಒಂದೇ, ಫಲ ಉಲ್ಟಾ. ಯಾಕೆ? ದಿನ ಎಣಿಸಿ ನೋಡಿ. 2020ರ ಇಳಿತ ತುದಿಯಿಂದ ತಳಕ್ಕೆ ತಗೊಂಡದ್ದು 23 ವಹಿವಾಟಿನ ದಿನ. 50 ದಿನದ ಗೆರೆಯೇ ಸುಮಾರು 25 ದಿನ ಹಿಂದೆ ಇರುತ್ತದೆ ಅಂತ ಆಗ ಹೇಳಿದೆನಲ್ಲ? ಗೆರೆಗೆ ಸುದ್ದಿ ಮುಟ್ಟುವ ಮೊದಲೇ ಇಳಿತ ಮುಗಿದಿತ್ತು. 2007ರ ಇಳಿತ 17 ತಿಂಗಳು ನಡೆಯಿತು. ಅದರ ಮುಂದೆ ಎರಡು ತಿಂಗಳ ತಡ ದೊಡ್ಡದಲ್ಲ. ಅಂದರೆ ಈ ಸೂಚನೆಯಿಂದ ಲಾಭ ಬರಬೇಕಾದರೆ ಚಲನೆ ಗೆರೆಯ ತಡಕ್ಕಿಂತ ತುಂಬಾ ಉದ್ದ ಇರಬೇಕು. ಎಷ್ಟು ಉದ್ದ ಇರುತ್ತದೆ ಅನ್ನುವುದನ್ನು ಮಾತ್ರ ಗೆರೆ ಮೊದಲೇ ಹೇಳಲಾರದು.

ಹಾಗಾದರೆ ದಿನ ಕಡಿಮೆ ಮಾಡೋಣ, 10 ಮತ್ತು 30 ದಿನದ ಜೋಡಿ ಇಟ್ಟುಕೊಳ್ಳೋಣ ಅಂತ ಮೇಷ್ಟ್ರು ಅಂದರು. ಎಲ್ಲರೂ ಹಾಗೇ ಅನ್ನುತ್ತಾರೆ, ನಾನೂ ಒಂದು ಕಾಲಕ್ಕೆ ಅಂದಿದ್ದೆ. ಆಗ ತಡ ಕಡಿಮೆಯಾಗುತ್ತದೆ, ಬೇರೆ ತಾಪತ್ರಯ ಬರುತ್ತದೆ. ಒಂದು ಷೇರು ತಿಂಗಳುಗಟ್ಟಲೆ 480 ಮತ್ತು 520ರ ನಡುವೆ ಓಡಾಡುತ್ತಿದೆ ಅನ್ನಿ. ಎರಡೂ ಗೆರೆ 500ರ ಹತ್ತಿರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಣ್ಣ ಅಲುಗಾಟಕ್ಕೂ ದಾಟುತ್ತವೆ. ಬೆಲೆ 515ಕ್ಕೆ ಬಂದಾಗ ಕೊಳ್ಳು ಅನ್ನುತ್ತದೆ. ಕೊಂಡ ಮೇಲೆ ಬೆಲೆ ಇಳಿದು 486 ಆದಾಗ ಮಾರು ಅನ್ನುತ್ತದೆ. ಷೇರಿಗೆ 29 ರೂಪಾಯಿ ಹೋಯಿತು. ನಾಲ್ಕು ಸಲ ಹೀಗಾದರೆ ಬಂಡವಾಳದಲ್ಲಿ ಐದರಲ್ಲಿ ಒಂದು ಪಾಲು ಖಾಲಿ. ಷೇರು ನೋಡಿದರೆ ಇನ್ನೂ 500ರಲ್ಲೇ ಇದೆ! ಇದಕ್ಕೆ ಟ್ರೇಡರ್‌ಗಳು ವಿಪ್‌ಸಾ ಅನ್ನುತ್ತಾರೆ. ಗರಗಸದ ಹಾಗೆ ಹೋಗುವಾಗಲೂ ಕೊಯ್ಯುತ್ತದೆ, ಬರುವಾಗಲೂ ಕೊಯ್ಯುತ್ತದೆ.

ಇದರ ಮೇಲೆ ಖರ್ಚು ಬೇರೆ. ಷೇರನ್ನು ಡಿಮ್ಯಾಟ್‌ಗೆ ತಗೊಂಡರೆ ಕೊಳ್ಳುವಾಗ 0.1 ಶೇಕಡಾ, ಮಾರುವಾಗ 0.1 ಶೇಕಡಾ ವಹಿವಾಟು ತೆರಿಗೆ ಇದೆ. ಒಂದು ವರ್ಷದೊಳಗೆ ಮಾರಿ ಲಾಭ ಬಂದರೆ ಅದರ ಮೇಲೆ 20 ಶೇಕಡಾ ತೆರಿಗೆ. ಐದು ನಿಮಿಷದ ಚಾರ್ಟಿನಲ್ಲಿ ದಿನಕ್ಕೆ ಆರೇಳು ಸಲ ಗೆರೆ ದಾಟಿದಾಗಲೆಲ್ಲ ಕೊಂಡು ಮಾರುವವರು ಬ್ರೋಕರೇಜನ್ನೂ ಸೇರಿಸಿ ಒಂದು ತಿಂಗಳ ಲೆಕ್ಕ ಬರೆದು ನೋಡಬೇಕು. 2022-23ರಲ್ಲಿ ಷೇರು ಮಾರುಕಟ್ಟೆಯಲ್ಲಿ ಇಂಟ್ರಾಡೇ, ಅಂದರೆ ಕೊಳ್ಳುವುದು ಮಾರುವುದು ಎರಡೂ ಒಂದೇ ದಿನದಲ್ಲಿ, ಮಾಡಿದ ಸಾಮಾನ್ಯ ಹೂಡಿಕೆದಾರರಲ್ಲಿ ಹತ್ತಕ್ಕೆ ಏಳು ಜನ ನಷ್ಟ ಮಾಡಿಕೊಂಡರು ಅಂತ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ ಹೇಳಿದೆ.

ಇನ್ನು, ಗೆರೆ ದಾಟಿತೋ ಇಲ್ಲವೋ ಅಂತ ನೋಡುವುದಕ್ಕೂ ಒಂದು ಹೊತ್ತು ಇದೆ. ಮಧ್ಯಾಹ್ನ 1 ಗಂಟೆಗೆ ದಾಟಿದ ಹಾಗೆ ಕಾಣುತ್ತದೆ, 3.30ಕ್ಕೆ ಮಾರುಕಟ್ಟೆ ಮುಚ್ಚುವಾಗ ದಾಟೇ ಇರುವುದಿಲ್ಲ. ಯಾಕೆಂದರೆ ಇವತ್ತಿನ ಬೆಲೆ ಇನ್ನೂ ಕುದಿಯುತ್ತಿರುತ್ತದೆ. ದಿನದ ಚಾರ್ಟ್ ನೋಡುವವರು ಮುಕ್ತಾಯದ ಬೆಲೆ ಬಂದ ಮೇಲೆಯೇ ನೋಡಬೇಕು.

ಬೋನಸ್ ಷೇರಿನ ವಿಷಯವೂ ಇದೆ. 2018ರ ಸೆಪ್ಟೆಂಬರಿನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಒಂದು ಷೇರು ಇದ್ದವರಿಗೆ ಎರಡಾಯಿತು, ಬೆಲೆ ಅರ್ಧವಾಯಿತು. ಯಾರ ದುಡ್ಡೂ ಹೋಗಲಿಲ್ಲ. ಆದರೆ ಹಳೆಯ ಬೆಲೆಗಳನ್ನೂ ಅರ್ಧ ಮಾಡಿ ಸರಿಪಡಿಸದ ಚಾರ್ಟಿನಲ್ಲಿ ದೊಡ್ಡ ಕುಸಿತವೇ ಆದಂತೆ ಕಾಣುತ್ತದೆ, ಸುಳ್ಳು ಡೆತ್ ಕ್ರಾಸ್ ಬರುತ್ತದೆ. ಒಂದೇ ದಿನದಲ್ಲಿ ಬೆಲೆ ಸರಿಯಾಗಿ ಅರ್ಧಕ್ಕೋ ಐದರಲ್ಲಿ ಒಂದಕ್ಕೋ ಇಳಿದಿದ್ದರೆ ಮೊದಲು ಬೋನಸ್ಸೋ, ಒಂದು ಷೇರನ್ನು ಹಲವಾಗಿ ಒಡೆಯುವ ಸ್ಪ್ಲಿಟ್ಟೋ ಆಗಿದೆಯೇ ಅಂತ ನೋಡಿ.

50 ಮತ್ತು 200 ಯಾಕೆ, 43 ಮತ್ತು 187 ಯಾಕಲ್ಲ ಅಂತ ನೀವು ಕೇಳಬಹುದು. ಅವು ರೂಢಿಯಿಂದ ಬಂದ ಅಂಕಿ, ಅಷ್ಟೆ. ಕಂಪ್ಯೂಟರಿನಲ್ಲಿ ನೂರಾರು ಜೋಡಿ ಹಾಕಿ ಹಳೆಯ ಬೆಲೆಗಳ ಮೇಲೆ ಪರೀಕ್ಷೆ ಮಾಡಿದರೆ ಯಾವುದೋ ಒಂದು ಜೋಡಿ ಭಾರಿ ಲಾಭ ತೋರಿಸಿಯೇ ತೋರಿಸುತ್ತದೆ. ಅದನ್ನು ನಂಬುವ ಮುಂಚೆ ಪಕ್ಕದ ಜೋಡಿಗಳನ್ನು ಹಾಕಿ ನೋಡಿ. 43 ಮತ್ತು 187ರಲ್ಲಿ ಲಾಭ ಬಂದು, 45 ಮತ್ತು 190ರಲ್ಲಿ ನಷ್ಟ ಬಂದರೆ, ಆ ಲಾಭ ಹಳೆಯ ಬೆಲೆಗಳಿಗೆ ಅಳತೆ ತೆಗೆದು ಹೊಲಿದ ಅಂಗಿ. ಮುಂದಿನ ವರ್ಷಕ್ಕೆ ಅದು ಹಿಡಿಸುವುದಿಲ್ಲ.

ಕೊನೆಗೆ ಮೇಷ್ಟ್ರ ಷೇರಿನ ಚಾರ್ಟನ್ನು ಇಬ್ಬರೂ ಹಿಂದಕ್ಕೆ ಸರಿಸಿ ನೋಡಿದೆವು. ಎರಡು ತಿಂಗಳಿಂದ ಬೆಲೆ ಇದ್ದಲ್ಲೇ ಇತ್ತು. ಹತ್ತು ತಿಂಗಳ ಹಿಂದೆ ಅದು ತುಂಬಾ ಮೇಲಿತ್ತು, ಆಮೇಲೆ ಈಗಿನ ಬೆಲೆಗಿಂತಲೂ ಕೆಳಕ್ಕೆ ಬಿದ್ದು ಸ್ವಲ್ಪ ಎದ್ದಿತ್ತು. ಆ ದುಬಾರಿ ದಿನಗಳು ಒಂದೊಂದಾಗಿ 200ರ ಲೆಕ್ಕದಿಂದ ಹೊರಗೆ ಹೋಗುತ್ತಿದ್ದವು. ಕೆಂಪು ಗೆರೆ ತಾನಾಗಿ ಕೆಳಗೆ ಬಂದು ನೀಲಿಯನ್ನು ದಾಟಿತ್ತು. "ಅಂದ್ರೆ ಹೊಸದಾಗಿ ಏನೂ ಆಗಿಲ್ಲ, ಹಳೇದು ಉದುರಿದೆ ಅಷ್ಟೆ" ಅಂದರು ಮೇಷ್ಟ್ರು. ಹಾಳೆಯ ಕೆಳಗೆ ಆ ಎರಡು ತಿಂಗಳ ಅತಿ ಹೆಚ್ಚಿನ ಮುಕ್ತಾಯದ ಬೆಲೆಯನ್ನು ಬರೆದರು. ಬೆಲೆ ಅದನ್ನು ದಾಟಿ ಮುಚ್ಚಿದ ದಿನ ಮತ್ತೆ ಬರುತ್ತೇನೆ ಅಂತ ಹೇಳಿ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು.

ನಮಸ್ಕಾರ.