ಹತ್ತಕ್ಕೆ ಒಂಬತ್ತು: ಬಾಕ್ಸಿಂಗ್ ಸುತ್ತಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ. ಮಲೆನಾಡಿನ ಮನೆಮನೆಗಳಲ್ಲಿ ಅಡಿಕೆ ಸುಲಿಯುತ್ತ, ಕಿವಿಯನ್ನು ಮಾತ್ರ ರೇಡಿಯೊ ಕಡೆಗೆ ಕೊಟ್ಟು ಕುಳಿತವರನ್ನು ನೆನೆದುಕೊಂಡೇ ನಾನು ಈ ಮಾತುಗಳನ್ನು ಬರೆದು ತಂದಿದ್ದೇನೆ. ಹಲವು ವರ್ಷ ರಿಂಗಿನ ಪಕ್ಕದಲ್ಲಿ ಕುಳಿತು ಅಂಕ ಬರೆದ ನನ್ನನ್ನು ಜನ ಕೇಳುವುದು ಒಂದೇ ಪ್ರಶ್ನೆ: ‘ಅಷ್ಟು ಹೊಡೆದವನು ಹೇಗೆ ಸೋತ?’

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಬಿಡೋಣ. ಹತ್ತು ಅಂಕವೆಂದರೆ ಹತ್ತು ಗುದ್ದುಗಳಲ್ಲ. ಸುತ್ತನ್ನು ಗೆದ್ದವನಿಗೆ ಹತ್ತು ಅಂಕ ಕಡ್ಡಾಯ, ಸೋತವನಿಗೆ ಅದಕ್ಕಿಂತ ಕಡಿಮೆ; ಅಷ್ಟೇ. ಸುತ್ತು ಬಿಗಿಯಾಗಿದ್ದರೆ ಸೋತವನಿಗೆ ಒಂಬತ್ತು, ಅಂತರ ಎದ್ದು ಕಂಡರೆ ಎಂಟು, ಒಬ್ಬನೇ ಆಡಿ ಇನ್ನೊಬ್ಬನು ಬರೀ ಹೊಡೆತ ತಿಂದಿದ್ದರೆ ಏಳು. ಹವ್ಯಾಸಿ ಬಾಕ್ಸಿಂಗಿನಲ್ಲಿ ‘ಇಬ್ಬರೂ ಸಮ’ ಎಂದು ಹತ್ತು ಹತ್ತು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಮೂರು ನಿಮಿಷದ ಸುತ್ತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಪ್ರತಿಯೊಬ್ಬ ತೀರ್ಪುಗಾರನೂ, ಪಕ್ಕದವನು ಏನು ಬರೆದನೆಂಬುದು ತಿಳಿಯದೆಯೇ, ಒಬ್ಬನನ್ನು ಆರಿಸಲೇಬೇಕು. ಮುಂದಿನ ಸುತ್ತಿನ ಗಂಟೆ ಹೊಡೆದಾಗ ಮತ್ತೆ ಹೊಸ ಲೆಕ್ಕ. ದಯವಿಟ್ಟು ಇದೊಂದನ್ನು ನೆನಪಿಡಿ: ಸುತ್ತಿನ ಲೆಕ್ಕ ಆ ಸುತ್ತಿಗೇ ಮುಗಿಯುತ್ತದೆ.

ಇನ್ನು ಗೆದ್ದ ಸುತ್ತು ಯಾವುದು? ಮುಚ್ಚಿದ ಮುಷ್ಟಿಯ ಗೆಣ್ಣಿನ ಭಾಗದಿಂದ, ಎದುರಾಳಿಯ ತಲೆಯ ಮುಂಭಾಗಕ್ಕೋ ಪಕ್ಕಕ್ಕೋ, ಇಲ್ಲವೆ ಸೊಂಟಪಟ್ಟಿಯಿಂದ ಮೇಲಿನ ಮೈಯ ಮುಂಭಾಗಕ್ಕೋ ಪಕ್ಕಕ್ಕೋ, ತಡೆಯಿಲ್ಲದೆ, ಭುಜದ ಬಲದೊಡನೆ ತಾಗಿದ ಗುದ್ದುಗಳು ಯಾರವು ಹೆಚ್ಚು ಎಂಬುದೇ ಮೊದಲ ಪ್ರಶ್ನೆ. ಗ್ಲೌಸಿಗೆ, ತೋಳಿಗೆ, ಬೆನ್ನಿಗೆ ಬಿದ್ದದ್ದು ಎಷ್ಟೇ ಸದ್ದು ಮಾಡಿದರೂ ಲೆಕ್ಕಕ್ಕಿಲ್ಲ. ಆ ಲೆಕ್ಕದಲ್ಲಿ ಇಬ್ಬರೂ ಹತ್ತಿರ ಹತ್ತಿರವಿದ್ದರೆ ಮಾತ್ರ, ಯಾರು ತಮ್ಮ ಕೌಶಲದಿಂದ, ಯೋಜನೆಯಿಂದ ಆಟವನ್ನು ಕೈಯಲ್ಲಿ ಇಟ್ಟುಕೊಂಡಿದ್ದರು, ಕೊನೆಯವರೆಗೆ ಯಾರು ಛಲ ಬಿಡಲಿಲ್ಲ ಎಂಬುದನ್ನು ನೋಡುತ್ತೇವೆ. ಮುಂದಕ್ಕೆ ನುಗ್ಗುತ್ತಲೇ ಇರುವುದು ಗೆಲುವಲ್ಲ. ನುಗ್ಗಿ ತಾಗಿಸಿದರೆ ಗೆಲುವು.

ಇಲ್ಲಿ ನನಗೆ ಶಿವಮೊಗ್ಗದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಒಂದು ಪಂದ್ಯವನ್ನು ಹೇಳದೆ ಇರಲಾಗದು. ಹೊರಗೆ ಆಷಾಢದ ಮಳೆ, ಮೇಲೆ ತಗಡಿನ ಮಾಡು; ರೆಫ್ರಿ ಕೂಗಿದ್ದೇ ಕೇಳಿಸದಷ್ಟು ಸದ್ದು. ಕೆಂಪು ಮೂಲೆಯಲ್ಲಿ ತೀರ್ಥಹಳ್ಳಿ ಕಡೆಯ ಗಟ್ಟಿಮುಟ್ಟಾದ ಹುಡುಗ, ನೀಲಿ ಮೂಲೆಯಲ್ಲಿ ಸಾಗರದ ಕಡೆಯ ಒಬ್ಬ ಸಣಕಲ. ಮೊದಲ ಸುತ್ತಿನಲ್ಲಿ ಕೆಂಪು ಹುಡುಗ ಎರಡೂ ಕೈಯಿಂದ ಬಾರಿಸಿದ್ದೇ ಬಾರಿಸಿದ್ದು. ಜನ ಕುರ್ಚಿಯ ಮೇಲೆ ನಿಂತಿದ್ದರು. ಆದರೆ ಅವನ ಗುದ್ದುಗಳಲ್ಲಿ ಹೆಚ್ಚಿನವು ನೀಲಿಯ ಹುಡುಗ ಮುಖದ ಮುಂದೆ ಎತ್ತಿ ಹಿಡಿದ ಗ್ಲೌಸಿಗೆ ಬಿದ್ದವು. ನೀಲಿಯವನು ಒಂದು ಹೆಜ್ಜೆ ಹಿಂದೆ ಸರಿದು ಎಡಗೈಯನ್ನು ನೇರ ಚಾಚಿ ಮೂಗಿನ ಮೇಲೆ ಒಂದು ಕೊಡುತ್ತಿದ್ದ, ಮತ್ತೆ ಸರಿಯುತ್ತಿದ್ದ. ನಾನು ನೀಲಿಗೆ ಹತ್ತು, ಕೆಂಪಿಗೆ ಒಂಬತ್ತು ಎಂದು ಬರೆದೆ. ಎರಡನೆಯ ಸುತ್ತು ಇನ್ನೂ ಬಿಗಿಯಾಗಿತ್ತು. ಅಲ್ಲಿಯೂ ನನ್ನ ಕಣ್ಣಿಗೆ ನೀಲಿಯೇ, ಹತ್ತಕ್ಕೆ ಒಂಬತ್ತು. ಮೂರನೆಯದರಲ್ಲಿ ಕೆಂಪು ಹುಡುಗನ ಬಲಗೈ ಕೊನೆಗೂ ಸರಿಯಾದ ಜಾಗಕ್ಕೆ ತಾಗಿತು. ನೀಲಿಯವನು ಕುಸಿದ, ರೆಫ್ರಿ ಎಂಟರವರೆಗೆ ಎಣಿಸಿದರು, ಹುಡುಗ ಎದ್ದು ನಿಂತು ಗಂಟೆ ಹೊಡೆಯುವವರೆಗೂ ಆಡಿ ಮುಗಿಸಿದ. ಆ ಸುತ್ತು ಕೆಂಪಿನದು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನೀಲಿಯವನ ಕೈಯನ್ನು ಎತ್ತಿದಾಗ ಕೆಂಪು ಹುಡುಗನ ಸೋದರಮಾವ ಕೊಡೆಯನ್ನು ಹಿಡಿದುಕೊಂಡೇ ನನ್ನ ಮೇಜಿನ ಬಳಿಗೆ ಬಂದರು. ‘ಎಂಥ ನ್ಯಾಯ ಮಾರಾಯ್ರೇ ಇದು? ಬೀಳಿಸಿದವ ಸೋತ, ಬಿದ್ದವ ಗೆದ್ದ!’ ಎಂದರು. ನಾನು ಅವರನ್ನು ಕೂರಿಸಿ, ‘ನಿಮ್ಮ ತೋಟದ ಅಡಿಕೆಗೆ ಮಂಡಿಯಲ್ಲಿ ಗೊನೆಯ ತೂಕ ನೋಡಿ ಬೆಲೆ ಕಟ್ಟುತ್ತಾರೆಯೇ ಮಾವ?’ ಎಂದು ಕೇಳಿದೆ. ಗ್ಲೌಸಿಗೆ ಬಿದ್ದ ಗುದ್ದೆಲ್ಲ ಸಿಪ್ಪೆ. ಸುಲಿದ ಮೇಲೆ ಉಳಿದದ್ದಕ್ಕೇ ಬೆಲೆ. ಅನಂತರ ಲೆಕ್ಕ ಬಿಡಿಸಿದೆ. ನೀಲಿಗೆ ಹತ್ತು, ಹತ್ತು, ಒಂಬತ್ತು: ಇಪ್ಪತ್ತೊಂಬತ್ತು. ಕೆಂಪಿಗೆ ಒಂಬತ್ತು, ಒಂಬತ್ತು, ಹತ್ತು: ಇಪ್ಪತ್ತೆಂಟು. ‘ಬೀಳಿಸಿದ್ದಕ್ಕೆ ಏನೂ ಇಲ್ಲವೇ?’ ಎಂದು ಅವರು ಬಿಡಲಿಲ್ಲ, ಮತ್ತು ಪ್ರಶ್ನೆ ಸರಿಯಾಗಿಯೇ ಇತ್ತು. ವೃತ್ತಿಪರ ಬಾಕ್ಸಿಂಗಿನಲ್ಲಿ ಎದುರಾಳಿಯನ್ನು ಒಮ್ಮೆ ಕೆಡವಿದರೆ ಆ ಸುತ್ತು ಸಾಮಾನ್ಯವಾಗಿ ಹತ್ತಕ್ಕೆ ಎಂಟಾಗುತ್ತದೆ. ಹವ್ಯಾಸಿ ಆಟದಲ್ಲಿ ಬೀಳಿಸಿದ ಗುದ್ದು ಕೂಡ ಒಂದು ಒಳ್ಳೆಯ ಗುದ್ದು ಮಾತ್ರ. ಅದಕ್ಕೆ ಪ್ರತ್ಯೇಕ ಅಂಕವಿಲ್ಲ. ಆ ಮೂರು ನಿಮಿಷದ ಉಳಿದ ಭಾಗದಲ್ಲಿ ನೀಲಿಯವನೂ ತಾಗಿಸಿದ್ದನಾದ್ದರಿಂದ ನಾನು ಒಂಬತ್ತು ಕೊಟ್ಟೆ. ನಮ್ಮ ಐವರು ತೀರ್ಪುಗಾರರಲ್ಲಿ ಒಬ್ಬರು ಎಂಟು ಕೊಟ್ಟಿದ್ದರು. ಅವರ ಹಾಳೆಯಲ್ಲಿ ಇಬ್ಬರಿಗೂ ಇಪ್ಪತ್ತೆಂಟಾಗಿ ಸಮವಾಯಿತು. ಹಾಗಾದಾಗ ತೀರ್ಪುಗಾರನೇ ಒಬ್ಬನ ಹೆಸರನ್ನು ಗೆದ್ದವನೆಂದು ಗುರುತಿಸಬೇಕು. ಅವರೂ ನೀಲಿಯನ್ನೇ ಗುರುತಿಸಿದರು. ಮಾವ ಕೊಡೆ ಕೊಡವಿ, ‘ಹಾಗಿದ್ದರೆ ಮೊದಲ ಸುತ್ತಿನಲ್ಲೇ ಇವನಿಗೆ ಬುದ್ಧಿ ಬರಬೇಕಿತ್ತು’ ಎಂದು ಹೋದರು. ಅವರಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ಕಂಡದ್ದು ಕಡಿಮೆ.

ನನ್ನ ಕಥೆಯೇ ಸಮಯವನ್ನೆಲ್ಲ ನುಂಗಿತು. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಆದರೂ ಮೇರಿ ಕೋಮ್ ಅವರ ಪಂದ್ಯವನ್ನು ಬಿಡುವಂತಿಲ್ಲ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರು ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ ಎದುರು ಆಡಿದರು. ಮೊದಲ ಸುತ್ತನ್ನು ಐವರಲ್ಲಿ ನಾಲ್ವರು ವಲೆನ್ಸಿಯಾಗೆ ಕೊಟ್ಟರು. ಎರಡನೆಯದನ್ನೂ ಮೂರನೆಯದನ್ನೂ ಮೂವರು ಮೇರಿಗೆ, ಇಬ್ಬರು ವಲೆನ್ಸಿಯಾಗೆ ಕೊಟ್ಟರು. ಮೂರರಲ್ಲಿ ಎರಡು ಸುತ್ತು ಮೇರಿಯದಲ್ಲವೇ ಎಂದು ನೀವು ಕೇಳುತ್ತೀರಿ. ಅಂದು ದೇಶವೇ ಕೇಳಿತು. ಸುತ್ತಿನ ಬಹುಮತವನ್ನು ಯಾರೂ ಕೂಡಿಸುವುದಿಲ್ಲ. ಪ್ರತಿ ತೀರ್ಪುಗಾರನ ಮೂರು ಸುತ್ತುಗಳನ್ನು ಅವನ ಹಾಳೆಯಲ್ಲೇ ಕೂಡಿಸುತ್ತಾರೆ. ಮೊದಲ ಸುತ್ತನ್ನು ವಲೆನ್ಸಿಯಾಗೆ ಕೊಟ್ಟಿದ್ದ ಆ ನಾಲ್ವರಲ್ಲಿ ಒಬ್ಬರ ಹಾಳೆ ತಿರುಗಬೇಕಾದರೆ, ಅದೇ ವ್ಯಕ್ತಿಯ ಕಣ್ಣಿನಲ್ಲಿ ಮೇರಿ ಉಳಿದೆರಡೂ ಸುತ್ತುಗಳನ್ನು ಗೆಲ್ಲಬೇಕಿತ್ತು. ವಲೆನ್ಸಿಯಾಗೆ ಅದೇ ಹಾಳೆಯಲ್ಲಿ ಇನ್ನೊಂದೇ ಸುತ್ತು ಸಾಕಿತ್ತು. ಎರಡನೆಯ ಸುತ್ತಿನಲ್ಲಿ ಮೇರಿಯ ಕಡೆಗಿದ್ದ ಮೂವರೂ ಮೂರನೆಯದರಲ್ಲಿ ಹಾಗೆಯೇ ಉಳಿಯಲಿಲ್ಲ. ಐದು ಹಾಳೆಗಳಲ್ಲಿ ಮೂರು ವಲೆನ್ಸಿಯಾಗೆ, ಎರಡು ಮೇರಿಗೆ ಬಂದು ಪಂದ್ಯ ವಲೆನ್ಸಿಯಾ ಪಾಲಾಯಿತು. ಕಂಡಿರಲ್ಲ, ಸುತ್ತಿನ ಲೆಕ್ಕ ಆ ಸುತ್ತಿಗೇ, ಹಾಳೆಯ ಲೆಕ್ಕ ಆ ಹಾಳೆಗೇ.

ತಪ್ಪು ಆಟಕ್ಕೆ ರೆಫ್ರಿ ಕೊಡುವ ಅಧಿಕೃತ ಎಚ್ಚರಿಕೆಯಿಂದ ಒಂದು ಅಂಕ ಕಡಿತವಾಗುತ್ತದೆ ಎಂಬುದನ್ನು ವಿವರಿಸಲು ಈಗ ಹೊತ್ತಿಲ್ಲ. ಮುಂದಿನ ಬಾರಿ ಟಿವಿಯಲ್ಲಿ ಪಂದ್ಯ ನೋಡುವಾಗ ಕಾಗದ ಪೆನ್ಸಿಲ್ ಇಟ್ಟುಕೊಂಡು ಕೂರಿ, ಧ್ವನಿಯನ್ನು ಪೂರ್ತಿ ಇಳಿಸಿ, ಗಂಟೆ ಹೊಡೆದ ಕೂಡಲೇ ಪರದೆಯಲ್ಲಿ ಅಂಕ ಬರುವ ಮೊದಲೇ ನಿಮ್ಮ ಹತ್ತು, ಒಂಬತ್ತನ್ನು ಬರೆದುಬಿಡಿ. ನಮಸ್ಕಾರ.