ಕಾಝಿಮ್ ಅಲ್ಲ ಸ್ವಾಮಿ, ರಮಜಾನ್

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಕಥೆ ಬಗ್ಗೆ ಮಾತಾಡ್ತೀನಿ. ಇರಾನಿನ ಕಥೆಗಾರ ಮೊಹಮ್ಮದ್ ಅಲಿ ಜಮಾಲ್‌ಜಾದೆ ಬರೆದಿದ್ದು, 1921ರಲ್ಲಿ ಬರ್ಲಿನ್‌ನ 'ಕಾವೆ' ಅನ್ನೋ ಪಾರಸಿ ಪತ್ರಿಕೆಯಲ್ಲಿ ಬಂತು, ಹೆಸರು 'ಫಾರ್ಸಿ ಶಕರ್ ಅಸ್ತ್', ಅಂದ್ರೆ ಪಾರಸಿ ಸಕ್ಕರೆ ಕಣ್ರೀ ಅಂತ. ನಾನು ಪಾರಸಿ ಕಲೀವಾಗ ಹಠ ಹಿಡಿದು ಇದನ್ನ ಇಂಗ್ಲಿಷ್‌ಗೆ ಮಾಡೋಕೆ ಹೋಗಿ ಚೆನ್ನಾಗಿ ಎಡವಿದೆ, ಎಲ್ಲಿ ಅಂತ ಹೇಳ್ತೀನಿ.

ಕಥೆ ಶುರುವಾಗೋದು ಇರಾನಿನ ಅಂಝಲಿ ಅನ್ನೋ ಬಂದರಿನಲ್ಲಿ. ಯುರೋಪಿಂದ ವಾಪಸ್ ಬಂದ ನಿರೂಪಕನನ್ನ ಸುಮ್‌ಸುಮ್ನೆ ಹಿಡಿದು ಕತ್ತಲೆ ಕೋಣೆಗೆ ತಳ್ತಾರೆ. ಒಳಗಡೆ ಫ್ರೆಂಚ್ ಹುಚ್ಚು ಹಿಡಿದ ಒಬ್ಬ ಇರಾನಿ ಯುವಕ, ಕಾಲರ್ ಚಹಾ ಕಾಯಿಸೋ ಸಮೋವರಿನ ಕೊಳವೆಯಷ್ಟು ಎತ್ತರ, ಇನ್ನೊಬ್ಬ ಬಾಯಿ ಬಿಟ್ರೆ ಅರಬ್ಬಿ ಸುರಿಸೋ ಶೇಖ್, ಅಂದ್ರೆ ಮುಲ್ಲಾ. ಆಮೇಲೆ ರಮಜಾನ್ ಅನ್ನೋ ಬಡ ಹುಡುಗನ್ನೂ ತಂದು ಹಾಕ್ತಾರೆ, ತಲೆಮೇಲೆ ಕಂಬಳಿ ಟೋಪಿ. ಹೆದರಿ ಹೋಗಿರೋ ಹುಡುಗ ಶೇಖ್ ಹತ್ರ, ಹಜರತ್ ಅಬ್ಬಾಸ್ ಮೇಲಾಣೆ, ನಾನೇನು ತಪ್ಪು ಮಾಡಿದೆ ಹೇಳಿ ಅಂತಾನೆ. ಶೇಖ್ ಸಿಟ್ಟಿನ ಕೈಗೆ ಲಗಾಮು ಕೊಡಬೇಡ ಅಂತ ಭಾರೀ ಭಾಷೇಲಿ ಶುರುಮಾಡಿ, ನಡುವೆ ಕುರಾನಿನ 'ಅಲ್ ಕಾಝಿಮೀನ್ ಅಲ್ ಘೈಜ್' ಹೇಳ್ತಾನೆ, ಕೋಪ ನುಂಗಿಕೊಳ್ಳೋರು ಅಂತ ಅರ್ಥ. ರಮಜಾನ್‌ಗೆ ಕೇಳಿಸಿದ್ದು 'ಕಾಝಿಮ್' ಮಾತ್ರ. ಇಲ್ಲ ಸ್ವಾಮಿ, ನಿಮ್ಮ ಸೇವಕನ ಹೆಸರು ಕಾಝಿಮ್ ಅಲ್ಲ, ರಮಜಾನ್ ಅಂತಾನೆ!

ಈ ಮಾತಿನ ತಮಾಷೆನ ಕನ್ನಡಕ್ಕೆ ತರೋದಾದ್ರೆ ಒಂದು ದಾರಿ ಇದೆ, ಶೇಖ್ ಬಾಯಿಗೆ ಸಂಸ್ಕೃತ, ಆ ಯುವಕನ ಬಾಯಿಗೆ ಇಂಗ್ಲಿಷು. ಇಂಗ್ಲಿಷ್‌ಗೆ? ನಾನು ಮೊದಲು ಶೇಖ್‌ಗೆ ಲ್ಯಾಟಿನ್ ಕೊಟ್ಟೆ, ಅವನು ರೋಮಿನ ಪಾದ್ರಿ ಆಗಿಬಿಟ್ಟ, ಕಾಝಿಮ್ ತಮಾಷೆನೂ ಮಾಯ. ಹಾಗಾಗಿ ಕುರಾನಿನ ಮಾತನ್ನ ಅರಬ್ಬಿಯಲ್ಲೇ ಬಿಟ್ಟೆ, ಓದುಗರ ಕಿವಿಗೆ ಕಾಝಿಮ್ ಬಿದ್ರೆ ಸಾಕು, ರಮಜಾನ್ ಉತ್ತರ ತಾನೇ ಕೂರುತ್ತೆ. ಆದ್ರೆ ಅರ್ಥ ಎಲ್ಲಿ ಹೇಳೋದು? ಶೇಖ್‌ನ ಉಳಿದ ಮಾತಲ್ಲೇ ಹೇಳಬೇಕು, ಆದ್ರೆ ಅದು ತಿಳಿ ಇಂಗ್ಲಿಷಲ್ಲಿದ್ರೆ ರಮಜಾನ್‌ಗೂ ತಿಳಿದುಬಿಡುತ್ತಲ್ಲ, ಆಮೇಲೆ ಅವನು ಯಾಕೆ ಕಕ್ಕಾಬಿಕ್ಕಿ ಆಗ್ತಾನೆ? ಅದಕ್ಕೆ ಲಗಾಮಿನ ಮಾತನ್ನ ಉದ್ದುದ್ದ ಪುಸ್ತಕದ ಪದಗಳಲ್ಲಿ ಕಟ್ಟಿದೆ, ಓದುಗರು ತಿಣುಕಿದ್ರೆ ಸಿಗೋ ಹಾಗೆ.

ಯುವಕನ ಮಾತು ಇದಕ್ಕಿಂತ ಕಷ್ಟ, ಇದನ್ನ ನಾನು ಊಹಿಸಿರಲಿಲ್ಲ. ಅವನು ಪಾರಸಿ ನಡುವೆ ಆಬ್ಸೊಲ್ಯುಮಾಂ, ಪೊಜಿಟಿಫ್, ಕೊಮಿಕ್, ಕ್ರಿಮಿನೆಲ್ ಅಂತ ತುರುಕ್ತಾನೆ. ಪಾರಸಿ ಓದುಗರಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಇಂಗ್ಲಿಷಿಗೆ ತಂದ್ರೆ ಇವೆಲ್ಲಾ ಅಲ್ಲಿನ ದಿನಬಳಕೆ ಪದಗಳೇ, ಕಲ್ಲು ಕರಗಿ ಅನ್ನ ಆಗೋಗುತ್ತೆ. ಹಾಗಾಗಿ ಫ್ರೆಂಚ್ ಕಾಗುಣಿತದಲ್ಲೇ ಉಳಿಸಿದೆ. ಪದಕ್ಕಿಂತ ನಂಗೆ ಉಪಯೋಗ ಆಗಿದ್ದು ಅವನ ಇನ್ನೊಂದು ಚಾಳಿ. ತುಂಬಾ ಯೋಚನೆ ಮಾಡಿದೆ ಅನ್ನೋಕೆ 'ನನ್ನ ತಲೆ ಅಗೀತಾ ಇದೀನಿ' ಅಂತಾನೆ, ಫ್ರೆಂಚ್ ನುಡಿಗಟ್ಟನ್ನ ಹಾಗೇ ಪಾರಸಿಗೆ ಎತ್ತಿಟ್ಟಿದ್ದು. ಇದನ್ನ ಸರಿಯಾದ ಇಂಗ್ಲಿಷ್ ನುಡಿಗಟ್ಟಿಗೆ ತಿದ್ದಿದ್ರೆ ಮುಗೀತು ಕಥೆ, ಹಾರೆ ಗುದ್ದಲಿ ತಗೊಂಡು ತಲೆ ಅಗೀತಿರೋ ಹಾಗೇ ಇಂಗ್ಲಿಷಲ್ಲೂ ಕೇಳಿಸಬೇಕು.

ನನ್ನ ದೊಡ್ಡ ತಪ್ಪು ಆಗಿದ್ದು ರಮಜಾನ್ ವಿಷಯದಲ್ಲಿ. ಬಡ ಹುಡುಗ ಅಲ್ವಾ ಅಂತ ಅವನಿಗೆ ಲಂಡನ್ ಗಲ್ಲಿಯ ಆಡುಮಾತು ಕೊಟ್ಟೆ, ಅಕ್ಷರ ನುಂಗಿ, ಅಪಾಸ್ಟ್ರಫಿ ಹಾಕಿ. ಗೆಳೆಯರೊಬ್ಬರ ಮುಂದೆ ಜೋರಾಗಿ ಓದಿದ್ರೆ ಅವರು ನಕ್ಕಿದ್ದು ರಮಜಾನ್ ಮಾತಿಗೆ! ಎಲ್ಲಾ ಉಲ್ಟಾ. ಕಥೆಯಲ್ಲಿ ನಿರೂಪಕನ್ನ ಬಿಟ್ರೆ ಸರಿಯಾದ ಪಾರಸಿ ಮಾತಾಡೋದು ಅವನೇ, ಆ ಸಕ್ಕರೆ ಅವನ ಬಾಯಲ್ಲಿದೆ, ಸೊಟ್ಟ ಮಾತಿನವರು ಉಳಿದಿಬ್ಬರು. ಅವನಿಗೆ ಸೊಟ್ಟ ಕಾಗುಣಿತ ಕೊಟ್ರೆ ನಗು ಬಡವನ ಮೇಲೆ ಬೀಳುತ್ತೆ. ಅದನ್ನೆಲ್ಲಾ ಕಿತ್ತು, ಚಿಕ್ಕ ಚಿಕ್ಕ ಹಳೇ ಇಂಗ್ಲಿಷ್ ಪದ, ಸಣ್ಣ ವಾಕ್ಯ, ಅಬ್ಬಾಸ್ ಮೇಲಿನ ಆಣೆ ಮಾತ್ರ ಹಾಗೇ ಇಟ್ಟೆ. ಮತ್ತೆ ಓದಿದಾಗ ನಗು ಶೇಖ್ ಕಡೆ ತಿರುಗ್ತು.

ಕೊನೇಲಿ ಇವರೆಲ್ಲಾ ಬಿಡುಗಡೆ ಆಗೋ ಹೊತ್ತಿಗೆ ಇನ್ನೊಬ್ಬನ್ನ ತಂದು ಹಾಕ್ತಾರೆ, ಉಚ್ಚಾರ ನೋಡಿದ್ರೆ ವಾಯುವ್ಯ ಇರಾನಿನ ಖೋಯ್, ಸಲ್ಮಾಸ್ ಊರುಗಳ ಕಡೆಯವನು, ಆಡೋದು ಇಸ್ತಾಂಬುಲಿನಿಂದ ತಂದ ಪಾರಸಿ. ಆ ಉಚ್ಚಾರ ಇಂಗ್ಲಿಷಲ್ಲಿ ನನ್ನಿಂದ ಆಗಲಿಲ್ಲ, ಪ್ರಯತ್ನ ಬಿಟ್ಟೆ. ನಿರೂಪಕ ತಾನೇ ಊರಿನ ಹೆಸರು ಹೇಳ್ತಾನೆ, ಅದೇ ಕೆಲಸ ಮಾಡುತ್ತೆ. ಜೊತೆಗೆ ರಮಜಾನ್ ಇದಾನಲ್ಲ, ದೇವರೇ ಇವತ್ತು ಇರೋ ಬರೋ ಹುಚ್ಚರನ್ನೆಲ್ಲಾ ಇಲ್ಲಿಗೇ ಕಳಿಸ್ತಿದೀಯಲ್ಲಪ್ಪ ಅಂತಾನೆ, ಆ ಸಾಲಿಗೆ ಮಾತ್ರ ನಾನು ಏನೂ ಕಷ್ಟಪಡಲಿಲ್ಲ. ನಮಸ್ಕಾರ.