ಒಂದೇ ಸಮ ನಾಲ್ಕು ಗಂಟೆ ನಿದ್ದೆ

ನಮಸ್ಕಾರ ಕೇಳುಗರೆ. ಪುಟ್ಟ ಮಗು ಇರೋ ಮನೇಲಿ ಅಪ್ಪ ಅಮ್ಮನ್ನ ರಾತ್ರಿ ಎಷ್ಟೊತ್ತು ಮಲಗಿದ್ರಿ ಅಂತ ಕೇಳಿ ನೋಡಿ, ಅವರು ಬೆರಳು ಮಡಚಿ ಲೆಕ್ಕ ಹಾಕಿ ಆರು ಗಂಟೆ ಆಗಿರ್ಬೇಕು ಅಂತಾರೆ, ಆದ್ರೆ ಮುಖ ನೋಡಿದ್ರೆ ಎರಡು ಗಂಟೆನೂ ಮಲಗಿದ ಹಾಗೆ ಕಾಣಲ್ಲ. ಸುಳ್ಳೇನಲ್ಲ, ಆರು ಗಂಟೆ ಆಗಿರುತ್ತೆ, ಆದ್ರೆ ಐದು ತುಂಡಾಗಿ ಆಗಿರುತ್ತೆ. ಇವತ್ತು ಈ ತುಂಡಿನ ವಿಷ್ಯಾನೇ ಮಾತಾಡೋಣ, ಯಾಕಂದ್ರೆ ಮೊದಲ ಎರಡು ಮೂರು ತಿಂಗಳು ಮಗುನ ರಾತ್ರಿಯೆಲ್ಲಾ ಮಲಗಿಸೋದು ನಮ್ಮ ಕೈಲಿಲ್ಲ, ದೊಡ್ಡವರ ನಿದ್ದೆ ಎಲ್ಲಿ ತುಂಡಾಗ್ಬೇಕು ಅನ್ನೋದು ಮಾತ್ರ ಸ್ವಲ್ಪ ನಮ್ಮ ಕೈಲಿದೆ.

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತೆ, ಆದ್ರೆ ಒಂದೆರಡು ಮೂರು ಗಂಟೆಗೆ ಒಂದ್ಸಲ ಎದ್ದೇ ಏಳುತ್ತೆ. ಹೊಟ್ಟೆ ಚಿಕ್ಕದು, ಹಗಲು ರಾತ್ರಿ ಅನ್ನೋ ಗಡಿಯಾರ ಇನ್ನೂ ಶುರುವಾಗಿಲ್ಲ. ಎದೆಹಾಲು ಕುಡಿಯೋ ಮಗುಗೆ 24 ಗಂಟೇಲಿ 8ರಿಂದ 12 ಸಲ ಹಾಲು ಬೇಕು. ಹೊಸಬರು ಮೋಸ ಹೋಗೋದು ಇಲ್ಲೇ. ಮೂರು ಗಂಟೆಗೊಮ್ಮೆ ಹಾಲು ಅಂದ್ರೆ ಮಧ್ಯೆ ಮೂರು ಗಂಟೆ ನಿದ್ದೆ ಅಂದ್ಕೋತಾರೆ. ಹಂಗಲ್ಲ, ಈ ಲೆಕ್ಕ ಒಂದು ಸಲ ಕುಡಿಯೋಕೆ ಶುರು ಮಾಡಿದಲ್ಲಿಂದ ಇನ್ನೊಂದು ಸಲ ಶುರು ಮಾಡೋ ತನಕ. ಹಾಲು ಕುಡಿಯೋಕೆ ಅರ್ಧ ಗಂಟೆ, ತೇಗಿಸಿ ಡೈಪರ್ ಬದಲಾಯಿಸಿ ಮತ್ತೆ ಮಲಗಿಸೋಕೆ ಇನ್ನರ್ಧ ಗಂಟೆ, ಆಮೇಲೆ ನಮಗೆ ಕಣ್ಣು ಹತ್ತೋಕೆ ಒಂದು ಕಾಲು ಗಂಟೆ, ಉಳಿಯೋದು ಒಂದೂ ಮುಕ್ಕಾಲು ಗಂಟೆ. ಮಗು ಎರಡು ಗಂಟೆಗೇ ಎದ್ರೆ ಬರೀ ಮುಕ್ಕಾಲು ಗಂಟೆ.

ದೊಡ್ಡವರ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಹೋಗುತ್ತೆ, ಆಳವಾದ ನಿದ್ದೆ ಹೆಚ್ಚಾಗಿ ಮೊದಲ ಸುತ್ತುಗಳಲ್ಲೇ ಬರುತ್ತೆ. ಆ ಆಳದಲ್ಲಿ ಇದ್ದಾಗಲೇ ಯಾರಾದ್ರೂ ಎಬ್ಬಿಸಿದ್ರೆ ಎದ್ದ ಮೇಲೂ ಸುಮಾರು ಹೊತ್ತು ತಲೆ ಓಡಲ್ಲ, ಡೈಪರ್ ಹಿಂದುಮುಂದು ಹಾಕೋದು, ಈಗ ತಾನೇ ಯಾವ ಕಡೆ ಕುಡಿಸಿದ್ದು ಅಂತ ಮರೆತುಹೋಗೋದು ಎಲ್ಲಾ ಅದೇ. ಅದಕ್ಕೆ ನಾನು ಹೇಳೋದು, ರಾತ್ರಿ ಒಟ್ಟು ಎಷ್ಟು ಗಂಟೆ ಅಂತ ಆಮೇಲೆ ನೋಡಿ, ಮೊದಲು ಇಬ್ಬರಿಗೂ ತಲಾ ಒಂದು ಸಲ ನಾಲ್ಕೈದು ಗಂಟೆ ಕಟ್ ಆಗದ ನಿದ್ದೆ ಸಿಗೋ ಹಾಗೆ ನೋಡ್ಕೊಳ್ಳಿ. ಉಳಿದದ್ದು ಚೂರು ಚೂರಾಗಿದ್ರೂ ಹೇಗೋ ನಡೆಯುತ್ತೆ.

ಒಂದು ರಾತ್ರಿ ಹಿಡಿದು ನೋಡೋಣ. ಮಗುಗೆ ಐದು ವಾರ, ತೂಕ ಚೆನ್ನಾಗಿ ಏರ್ತಿದೆ, ಎದೆಹಾಲು ಕುಡಿಯೋದು ರೂಢಿ ಆಗಿದೆ, ಹಾಲು ಸುಮಾರು ರಾತ್ರಿ ಒಂಬತ್ತು, ಹನ್ನೆರಡು, ಮೂರು, ಆರು ಗಂಟೆಗೆ. ಅಮ್ಮ ಒಂಬತ್ತಕ್ಕೆ ಕುಡಿಸಿ ಮಗುನ ಅಪ್ಪನ ಕೈಗೆ ಕೊಟ್ಟು ಒಂಬತ್ತೂವರೆಗೆ ಬೇರೆ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗ್ತಾರೆ. ತೇಗಿಸೋದು, ಡೈಪರ್, ತೂಗೋದು ಎಲ್ಲಾ ಅಪ್ಪನದು. ಹನ್ನೆರಡಕ್ಕೆ ಅಪ್ಪ ಮೊದಲೇ ಪಂಪ್ ಮಾಡಿಟ್ಟ ಹಾಲು ಬಾಟಲಿಯಲ್ಲಿ ಕೊಡ್ತಾರೆ. ಮಗು ಮುಂದೆ ಏಳೋದು ಎರಡೂವರೆ ಮೂರಕ್ಕೆ, ಅಲ್ಲಿಗೆ ಅಮ್ಮನಿಗೆ ಹತ್ತಿರ ಹತ್ತಿರ ಐದು ಗಂಟೆ ಒಂದೇ ಸಮ ಆಯ್ತು. ಮೂರಕ್ಕೆ ಡ್ಯೂಟಿ ಬದಲು, ಅಪ್ಪ ಆ ರೂಮಿಗೆ ಹೋಗಿ ಏಳೂವರೆ ತನಕ ಮಲಗ್ತಾರೆ, ಆರು ಗಂಟೆ ಹಾಲಿಗೂ ಅವರನ್ನ ಎಬ್ಬಿಸೋ ಹಾಗಿಲ್ಲ. ಹನ್ನೆರಡಕ್ಕೆ ಮುಂಚೆ ಮತ್ತು ಆಮೇಲೆ ಮಗು ಮಲಗಿದಾಗ ಅಪ್ಪನೂ, ಮೂರರಿಂದ ಏಳರೊಳಗೆ ಅಮ್ಮನೂ ಸಣ್ಣ ಸಣ್ಣ ತುಂಡು ಮಲಗ್ತಾರೆ, ಅದು ಬೋನಸ್ ಅಷ್ಟೇ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಆ ಹನ್ನೆರಡು ಗಂಟೆ ಹಾಲು ಎಲ್ಲಿಂದ ಬರ್ಬೇಕು? ಬೆಳಿಗ್ಗೆ ಮಗು ಕುಡಿದ ಮೇಲೆ ಸ್ವಲ್ಪ ಸ್ವಲ್ಪ ಪಂಪ್ ಮಾಡಿ ಸೇರಿಸಿಟ್ರೆ ಆಗುತ್ತೆ, ಆಗ ತಾನೇ ತೆಗೆದ ಹಾಲು ಫ್ರಿಜ್ಜಲ್ಲಿ ನಾಲ್ಕು ದಿನ ಇರುತ್ತೆ, ಹೊರಗಡೆ ಇಟ್ರೆ ನಾಲ್ಕೇ ಗಂಟೆ, ಸೆಕೆ ಜಾಸ್ತಿ ಇದ್ರೆ ಅಷ್ಟೂ ಇಡೋದು ಬೇಡ. ಐದು ಗಂಟೆ ಕುಡಿಸದೇ ಇದ್ರೆ ಎದೆ ಕಟ್ಟಿಕೊಂಡು ನೋಯಬಹುದು, ಹಂಗಾದಾಗ ನೋವು ಇಳಿಯೋಷ್ಟು ಮಾತ್ರ ತೆಗೆದು ಮಲಗ್ಬೇಕು, ಪೂರ್ತಿ ಖಾಲಿ ಮಾಡಿದ್ರೆ ಹಾಲು ಇನ್ನೂ ಹೆಚ್ಚು ಬರೋಕೆ ಶುರುವಾಗುತ್ತೆ. ಎದೆ ಒಂದು ಜಾಗದಲ್ಲಿ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದ್ರೆ ಡಾಕ್ಟ್ರಿಗೆ ತೋರಿಸಿ.

ಮೊದಲ ಎರಡು ಮೂರು ವಾರ ಮಾತ್ರ ಈ ಪ್ಲಾನ್ ಪೂರ್ತಿ ನಡೆಯಲ್ಲ. ಹಾಲು ಇನ್ನೂ ಕೂಡಿಕೊಳ್ತಾ ಇರುತ್ತೆ, ಹುಟ್ಟಿದ ತೂಕಕ್ಕೆ ವಾಪಸ್ ಬರೋ ತನಕ ಮಲಗಿರೋ ಮಗುನೂ ಎಬ್ಬಿಸಿ ಕುಡಿಸಬೇಕಾಗುತ್ತೆ. ಆಗ ಬಾಟಲಿ ಬದಲು ಇನ್ನೊಬ್ಬರು ಮಗುನ ತಂದುಕೊಡೋದು, ಅಮ್ಮ ಕುಡಿಸೋದು, ಮುಗಿದ ತಕ್ಷಣ ತಗೊಂಡುಹೋಗೋದು, ದೀಪ ಮಂದ, ಮಾತಿಲ್ಲ, ಮೊಬೈಲ್ ಇಲ್ಲ. ಒಂದು ಗಂಟೆ ಎಚ್ಚರ ಇರೋ ಕಡೆ ಅರ್ಧ ಗಂಟೆಗೆ ಇಳಿಯುತ್ತೆ. ಬಾಟಲಿ ಹಾಲಿನ ಪುಡಿ ಕುಡಿಯೋ ಮಗುವಾದ್ರೆ ಈ ತಾಪತ್ರಯವೇ ಇಲ್ಲ, ಮೊದಲ ದಿನದಿಂದಲೂ ರಾತ್ರಿನ ಇಬ್ಬರೂ ಹಂಚಿಕೊಳ್ಳಬಹುದು.

ಈ ವ್ಯವಸ್ಥೆ ಕೆಡೋದು ಹೆಚ್ಚಾಗಿ ಒಂದೇ ಕಾರಣಕ್ಕೆ, ಡ್ಯೂಟಿ ಇಲ್ಲದವರೂ ಅದೇ ರೂಮಲ್ಲಿ ಮಲಗಿ ಅರ್ಧ ಕಿವಿ ಮಗು ಕಡೆ ಇಟ್ಟಿರ್ತಾರೆ. ಪುಟ್ಟ ಮಕ್ಕಳ ನಿದ್ದೇಲಿ ಅರ್ಧದಷ್ಟು ಗಲಾಟೆ ನಿದ್ದೆ, ಮುಲುಗುತ್ತೆ, ಕೈಕಾಲು ಆಡಿಸುತ್ತೆ, ಕಣ್ಣೂ ಅರೆ ತೆರೆಯುತ್ತೆ, ಆದ್ರೆ ಎದ್ದಿರಲ್ಲ. ಪ್ರತಿ ಮುಲುಗಿಗೂ ಎದ್ದು ಕೂತ್ರೆ ನಾಲ್ಕು ಗಂಟೆ ಮಲಗಿದ್ರೂ ಪ್ರಯೋಜನ ಇಲ್ಲ. ಡ್ಯೂಟೀಲಿ ಇರೋರೂ ತಕ್ಷಣ ಎತ್ಕೊಳ್ಳದೆ ಒಂದು ನಿಮಿಷ ನೋಡಿ, ಎಷ್ಟೋ ಸಲ ಮಗು ತಾನೇ ಮತ್ತೆ ಮಲಗಿಬಿಡುತ್ತೆ. ಬೇರೆ ರೂಮ್ ಇಲ್ದಿದ್ರೆ ಕಿವಿಗೆ ಇಯರ್‌ಪ್ಲಗ್ ಹಾಕ್ಕೊಳ್ಳಿ, ಮಗು ಮಾತ್ರ ಯಾವಾಗ್ಲೂ ಡ್ಯೂಟೀಲಿ ಇರೋರ ರೂಮಲ್ಲೇ, ತನ್ನದೇ ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ, ಬೆನ್ನ ಮೇಲೆ, ದಿಂಬು ರಗ್ಗು ಏನೂ ಇಲ್ಲದೆ ಮಲಗಿರ್ಲಿ. ರಾತ್ರಿ ಮಗುನ ಎತ್ತಿಕೊಂಡು ಸೋಫಾದಲ್ಲಿ ಕೂರಬೇಡಿ, ಅಲ್ಲಿ ತೂಕಡಿಸಿದ್ರೆ ಮಗು ಸಂದಿಗೆ ಜಾರಿ ಉಸಿರುಗಟ್ಟೋ ಅಪಾಯ ತುಂಬಾ ಜಾಸ್ತಿ. ಕಣ್ಣು ಎಳೀತಿದೆ ಅನ್ಸಿದ್ರೆ ಮಗುನ ಅದರ ಹಾಸಿಗೇಲಿ ಇಟ್ಟುಬಿಡಿ, ಸ್ವಲ್ಪ ಅತ್ರೂ ಪರವಾಗಿಲ್ಲ.

ಒಬ್ಬರೇ ನೋಡ್ಕೊಳ್ಳೋರು ಏನ್ ಮಾಡ್ಬೇಕು ಅಂತ ಕೇಳ್ತೀರಿ. ಸಹಾಯಕ್ಕೆ ಬರೋರು ಬಟ್ಟೆ ಒಗೀಲಾ ಪಾತ್ರೆ ತೊಳೀಲಾ ಅಂತಾರಲ್ಲ, ಅವರಿಗೆ ಸಂಜೆ ಏಳರಿಂದ ಹನ್ನೊಂದರ ತನಕ ಮಗುನ ಕೊಡಿ, ಪಾತ್ರೆ ಬಿದ್ದಿರ್ಲಿ. ಮಗು ಮಲಗಿದಾಗ ನೀವೂ ಮಲಗಿ ಅನ್ನೋ ಉಪದೇಶ ಎಲ್ಲರಿಗೂ ಒಗ್ಗಲ್ಲ, ಬೆಳಿಗ್ಗೆ ಹನ್ನೊಂದಕ್ಕೆ ದೇಹ ಎಚ್ಚರದಲ್ಲೇ ಇರುತ್ತೆ, ಊಟ ಆದ ಮೇಲೆ ಒಂದರಿಂದ ಮೂರರ ಹೊತ್ತಲ್ಲಿ ನಿದ್ದೆ ಸುಲಭವಾಗಿ ಹತ್ತುತ್ತೆ. ಕಾಫಿ ಟೀ ಎಲ್ಲಾ ಅದಕ್ಕೆ ಮುಂಚೆನೇ ಮುಗಿಸಿಬಿಡಿ, ಕುಡಿದ ಕೆಫೀನಲ್ಲಿ ಅರ್ಧ ಸುಮಾರು ಐದು ಗಂಟೆ ಆದ್ರೂ ಮೈಯಲ್ಲೇ ಇರುತ್ತೆ.

ಇನ್ನೊಂದು ವಿಷಯ. ಮಗು ಮಲಗಿದೆ, ಬೇರೆಯವರು ನೋಡ್ಕೋತಿದ್ದಾರೆ, ರೂಮು ಕತ್ತಲೆ, ಆದ್ರೂ ಅಮ್ಮನಿಗೋ ಅಪ್ಪನಿಗೋ ದಿನಗಟ್ಟಲೆ ನಿದ್ದೆ ಹತ್ತಲ್ಲ, ಎದೆ ಡವಗುಟ್ಟುತ್ತೆ, ಸುಮ್ಮಸುಮ್ಮನೆ ಅಳು ಬರುತ್ತೆ ಅಂದ್ರೆ ಅದು ಮಗು ಕೆಡಿಸಿದ ನಿದ್ದೆ ಅಲ್ಲ, ಹೆರಿಗೆ ಆದ ಮೇಲಿನ ಖಿನ್ನತೆ ಅಥವಾ ಆತಂಕ ಇರಬಹುದು, ಡಾಕ್ಟ್ರ ಹತ್ರ ಹೋಗಿ "ಅವಕಾಶ ಇದ್ರೂ ನಿದ್ದೆ ಬರ್ತಿಲ್ಲ" ಅಂತ ಇದೇ ಮಾತಲ್ಲಿ ಹೇಳಿ. ಹೆರಿಗೆ ಆಗಿ ಕೆಲವೇ ದಿನಕ್ಕೆ ನಿದ್ದೆನೇ ಬೇಡ ಅನ್ನೋ ಹಾಗೆ ಓಡಾಡೋದು, ಇಲ್ಲದ್ದು ಕೇಳಿಸೋದು, ವಿಚಿತ್ರವಾಗಿ ಮಾತಾಡೋದು ಶುರುವಾದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ಅವರನ್ನ ಮಗು ಜೊತೆ ಒಂಟಿಯಾಗಿ ಬಿಡದೆ ಆಗಿಂದಾಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಮಸ್ಕಾರ.